ಅಪ್ಪನ ಗಡಿಯಾರ, ನನ್ನ ಟ್ರ್ಯಾಕ್ಟರ್

ಅಪ್ಪ ಎಚ್‌ಎಂಟಿ ಗಡಿಯಾರವನ್ನು ಕೈಗೆ ಕಟ್ಟುತ್ತಿದ್ದುದು ವರ್ಷದಲ್ಲಿ ಎರಡೇ ಸಂದರ್ಭಕ್ಕೆ. ಒಂದು ಮದುವೆ ಮುಂಜಿಗೆ, ಇನ್ನೊಂದು ಹೊಲಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬಂದಾಗ. ಟ್ರ್ಯಾಕ್ಟರ್ ಒಡ್ಡು ದಾಟಿ ನೇಗಿಲು ನೆಲಕ್ಕೆ ಇಳಿಸಿದ ಕೂಡಲೇ ಗಡಿಯಾರ ನೋಡಿ, ಬೇವಿನ ಗಿಡದ ಬುಡದಲ್ಲಿ ಕೂತು, ಬೀಡಿ ಕಟ್ಟಿನ ಕಾಗದದ ಮೇಲೆ ಹೊತ್ತು ಬರೆದುಕೊಳ್ಳುತ್ತಿದ್ದ. ಡ್ರೈವರ್ ಚಹಾ ಕುಡಿಯಲು ನಿಲ್ಲಿಸಿದರೆ ಅದನ್ನೂ ಬರೆಯುತ್ತಿದ್ದ. ಸಂಜೆ ಹಣ ಕೊಡುವಾಗ ಹತ್ತು ನಿಮಿಷಕ್ಕೆ ಮಾತು ಬೆಳೆಯುವುದು, ಕೊನೆಗೆ ಅವ್ವ ಬಂದು, "ಹೋಗಲಿ ಬಿಡ್ರಿ, ನಾಳಿ ಮತ್ತ ಅವ್ನನ್ನ ಕರಿಯೂದೈತಿ" ಅನ್ನುವುದು ನಮ್ಮ ಮನೆಯಲ್ಲಿ ಪ್ರತಿ ಮುಂಗಾರಿಗೂ ನಡೆಯುತ್ತಿತ್ತು.

ನಮ್ಮದು ಹಾವೇರಿ ಜಿಲ್ಲೆಯ ಮಳೆಯಾಶ್ರಿತ ಊರು. ನಮ್ಮ ಪಾಲಿಗೆ ಬಂದ ಹೊಲ 4 ಎಕರೆ 20 ಗುಂಟೆ, ಅದೂ ಮೂರು ತುಂಡು. ಊರ ಪಕ್ಕದ 2 ಎಕರೆ ಎರೆ, ಹಳ್ಳದ ಆಚೆಗಿನ 2 ಎಕರೆ ಮಸಾರಿ, ಅಜ್ಜನ ಕಾಲದ ಪಾಲಿನಲ್ಲಿ ಉಳಿದ 20 ಗುಂಟೆಯ ಮೂಲೆ ತುಂಡು. ಬೆಳೆ ಗೋವಿನಜೋಳ, ಒಂದಿಷ್ಟು ಹತ್ತಿ. 2007ರಲ್ಲಿ ಜೋಡೆತ್ತಿನಲ್ಲಿ ಒಂದು ಸತ್ತುಹೋಯಿತು. ಇನ್ನೊಂದಕ್ಕೆ ಜೋಡಿ ತರಲು ಹಣವಿರಲಿಲ್ಲ, ಹಾಗಾಗಿ ಅದನ್ನೂ ಮಾರಿದೆವು. ಅಲ್ಲಿಂದ ರಂಟೆ ಹೊಡೆಯುವುದು, ಹರಗುವುದು, ಗೊಬ್ಬರ ಹೇರುವುದು, ತೆನೆ ಒಕ್ಕುವುದು ಎಲ್ಲವೂ ಬಾಡಿಗೆಯ ಟ್ರ್ಯಾಕ್ಟರಿನಿಂದಲೇ. ಎಲ್ಲ ಸೇರಿದರೆ ವರ್ಷಕ್ಕೆ ನಮಗೆ ಬೇಕಾಗುತ್ತಿದ್ದದ್ದು ಸುಮಾರು 40 ತಾಸು. 2010ರಲ್ಲಿ ಅದಕ್ಕೆ ನಾವು ಕೊಟ್ಟದ್ದು 16 ಸಾವಿರ ರೂಪಾಯಿ.

ಟ್ರ್ಯಾಕ್ಟರ್ ಕೊಳ್ಳಬೇಕೆಂಬ ಹಟ ನನ್ನಲ್ಲಿ ಹುಟ್ಟಿದ್ದು ಈ 16 ಸಾವಿರಕ್ಕಾಗಿ ಅಲ್ಲ, ಅದೇ ವರ್ಷದ ಒಂದು ಹದಕ್ಕಾಗಿ.

ಮಿರಗದ ಮಳೆ ಚೆನ್ನಾಗಿ ಆಯಿತು. ಮೂರನೆಯ ದಿನ ಅಪ್ಪ ಮಸಾರಿ ಹೊಲದಲ್ಲಿ ಒಂದು ಗೇಣು ಆಳದ ಮಣ್ಣು ತೆಗೆದು ಮುಷ್ಟಿಯಲ್ಲಿ ಹಿಡಿದು ಉಂಡೆ ಮಾಡಿ, ಸೊಂಟದೆತ್ತರದಿಂದ ಬಿಟ್ಟ. ಉಂಡೆ ನೆಲಕ್ಕೆ ಬಿದ್ದು ಪುಡಿಯಾಯಿತು. ಅಂಗೈಗೆ ಅಂಟಿದರೆ ಇನ್ನೂ ಹಸಿ, ಉಂಡೆಯೇ ಆಗದಿದ್ದರೆ ಹದ ಹೋಗಿದೆ. ಹೀಗೆ ಪುಡಿಯಾದರೆ ಬಿತ್ತಬಹುದು. ಮಸಾರಿಯಲ್ಲಿ ಈ ಸ್ಥಿತಿ ಮೂರು ನಾಲ್ಕು ದಿನ ನಿಲ್ಲುತ್ತದೆ, ಬಿಸಿಲು ಗಾಳಿ ಹೆಚ್ಚಾದರೆ ಅದೂ ಇಲ್ಲ. ಒಂದು ಸಲ ಹರಗಿ ಬಿತ್ತಿದರೆ ಮುಗಿಯಿತು. ಟ್ರ್ಯಾಕ್ಟರಿನವನು, "ನಾಳಿ ಮುಂಜಾನೆ ನಿಮ್ಮ ಹೊಲಕ್ಕ ಬರ್ತೀನಿ ಕಾಕಾ" ಅಂದ. ಮರುದಿನವೂ ಹಾಗೇ ಅಂದ. ಅವನದು ಸುಳ್ಳಲ್ಲ. ಆಗ ಊರಲ್ಲಿ ಇದ್ದದ್ದು ಆರು ಟ್ರ್ಯಾಕ್ಟರ್, ಎಲ್ಲರ ಹೊಲಕ್ಕೂ ಹದ ಬಂದದ್ದು ಒಂದೇ ದಿನ. ದೊಡ್ಡ ಹೊಲದವರದು ಒಂದೇ ಕಡೆ ಎಂಟು ತಾಸಿನ ಕೆಲಸ. ನಮ್ಮದು ಮೂರು ತುಂಡು, ಹಳ್ಳ ದಾಟಿ ಹೋಗಬೇಕು. ಅವನು ಮೊದಲು ದೊಡ್ಡ ಹೊಲಕ್ಕೇ ಹೋಗುತ್ತಾನೆ. ಐದನೆಯ ದಿನ ಬಂದಾಗ ಮೇಲಿನ ಮಣ್ಣು ಒಣಗಿತ್ತು.

ಮತ್ತೆ ಮಳೆ ಬಂದು ನಾವು ಬಿತ್ತಿದ್ದು 16 ದಿನ ತಡವಾಗಿ. ಪಕ್ಕದ ಹೊಲದ ಜೋಳ ಸೂಲಂಗಿ ಬಿಡುವಾಗ ಮಳೆ ಸಿಕ್ಕಿತು, ನಮ್ಮದು ಅದೇ ಹಂತಕ್ಕೆ ಬರುವ ಹೊತ್ತಿಗೆ ಮಳೆ ಕೈಕೊಟ್ಟಿತು. ತೆನೆ ತುದಿಯಲ್ಲಿ ಕಾಳು ಕಟ್ಟಲಿಲ್ಲ. ಅವರಿಗೆ ಎಕರೆಗೆ 20 ಕ್ವಿಂಟಲ್, ನಮಗೆ 14. ನಾಲ್ಕು ಎಕರೆಗೆ 24 ಕ್ವಿಂಟಲ್ ಕಡಿಮೆ. ಆಗಿನ ದರದಲ್ಲಿ ಅದು 20 ಸಾವಿರದ ಮೇಲೆ, ಅಂದರೆ ಇಡೀ ವರ್ಷದ ಬಾಡಿಗೆಗಿಂತ ಹೆಚ್ಚು. ಬಾಡಿಗೆಯ ನಿಜವಾದ ಖರ್ಚು ತಾಸಿನ ದರದಲ್ಲಿ ಕಾಣುವುದಿಲ್ಲ ಎಂಬುದು ನನಗೆ ಅವತ್ತು ತಿಳಿಯಿತು. ನನಗೆ ಆಗ 29 ವರ್ಷ. ಸ್ವಂತ ಟ್ರ್ಯಾಕ್ಟರ್ ಇದ್ದರೆ ಹದ ನಮ್ಮ ಕೈಯಲ್ಲಿರುತ್ತದೆ ಅಂದುಕೊಂಡೆ.

2011ರ ಯುಗಾದಿ ಆದ ಮರುವಾರ 42 ಎಚ್‌ಪಿಯ ಟ್ರ್ಯಾಕ್ಟರ್ ಮನೆ ಮುಂದೆ ಬಂತು. ಟ್ರೇಲರ್, ಒಂಬತ್ತು ಹಲ್ಲಿನ ಕಲ್ಟಿವೇಟರ್, ರೋಟಾವೇಟರ್ ಎಲ್ಲ ಸೇರಿ 7 ಲಕ್ಷ 60 ಸಾವಿರ. ಅದರಲ್ಲಿ 2 ಲಕ್ಷ 10 ಸಾವಿರ ನಮ್ಮದು: ಹತ್ತಿಯ ಹಣ ಒಂದಿಷ್ಟು, ಅವ್ವನ ಬೋರಮಾಳ ಸರ ಮತ್ತು ಪಾಟ್ಲಿ ಮಾರಿದ್ದು. ಉಳಿದ ಐದೂವರೆ ಲಕ್ಷ ಬ್ಯಾಂಕಿನ ಸಾಲ, ಏಳು ವರ್ಷಕ್ಕೆ, ಆರು ತಿಂಗಳಿಗೊಂದು ಕಂತು, ಕಂತಿಗೆ 59 ಸಾವಿರ. ಅವ್ವ ಚಕ್ರಕ್ಕೆ ಅರಿಶಿನ ಕುಂಕುಮ ಹಚ್ಚಿ, ನಿಂಬೆಹಣ್ಣು ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದಳು. ಅವಳ ಬರಿಗೈ ಅವತ್ತು ನನ್ನ ಕಣ್ಣಿಗೆ ಬಿದ್ದಿತ್ತು, ಈಗಲೂ ಕಣ್ಣಲ್ಲಿದೆ.

ಮೊದಲ ವರ್ಷದ ಬಿತ್ತಿಗೆಯನ್ನು ಸರಿಯಾದ ಹದಕ್ಕೆ ಮಾಡಿದೆ. ಅಷ್ಟು ಸಂತೋಷ ನನಗೆ ಹೊಲದಲ್ಲಿ ಬೇರೆ ಯಾವಾಗಲೂ ಆಗಿಲ್ಲ. ಆದರೆ ಆ ಬಿತ್ತಿಗೆ ಮುಗಿಸಲು ಹಿಡಿದದ್ದು ಒಂದೂವರೆ ದಿನ. ಉಳಿದ ದಿನ ಟ್ರ್ಯಾಕ್ಟರ್ ಏನು ಮಾಡಬೇಕು? ಕಂತು ಮತ್ತು ವಿಮೆ ಸೇರಿ ವರ್ಷಕ್ಕೆ 1 ಲಕ್ಷ 27 ಸಾವಿರ ಹೊರಡಬೇಕಿತ್ತು. ಆಗ ಕಲ್ಟಿವೇಟರ್ ಬಾಡಿಗೆ ತಾಸಿಗೆ 400. ಡೀಸೆಲ್ ಲೀಟರಿಗೆ ಸುಮಾರು 45, ತಾಸಿಗೆ ನಾಲ್ಕು ಲೀಟರ್ ಹಿಡಿದರೆ 180. ಎಂಜಿನ್ ಆಯಿಲ್, ಫಿಲ್ಟರ್, ಟೈರು ಸವೆತಕ್ಕೆ 50. ಕೈಗೆ ಉಳಿಯುವುದು 170. ಈ ಲೆಕ್ಕದಲ್ಲಿ ಕಂತು ವಿಮೆ ಹುಟ್ಟಬೇಕಾದರೆ ವರ್ಷಕ್ಕೆ ಸುಮಾರು 750 ತಾಸು ಬೇರೆಯವರ ಹೊಲದಲ್ಲಿ ದುಡಿಯಬೇಕು, ಅದೂ ನನ್ನ ಕೂಲಿ ಹಿಡಿಯದೆ. ನಮ್ಮ ಹೊಲಕ್ಕೆ ಬೇಕಾಗಿದ್ದದ್ದು 40. ಈ ಲೆಕ್ಕವನ್ನು ನಾನು ಮಾಡಿದ್ದು ಟ್ರ್ಯಾಕ್ಟರ್ ಬಂದ ನಂತರ.

ಹಾಗಾಗಿ ಡ್ರೈವರ್ ಆದೆ. ಒಡ್ಡಿನ ಮೇಲೆ ಗಡಿಯಾರ ಹಿಡಿದು ಕೂತವರ ಕಡೆಯಿಂದ ಸ್ಟೇರಿಂಗ್ ಹಿಡಿದವರ ಕಡೆಗೆ ಬಂದೆ. ಆಗ ತಿಳಿದ ಕೆಲವು ಸಂಗತಿಗಳನ್ನು ಅಪ್ಪನಿಗೆ ಮೊದಲೇ ಹೇಳಲು ಸಾಧ್ಯವಾಗಿದ್ದರೆ ಎಷ್ಟೋ ಜಗಳ ತಪ್ಪುತ್ತಿತ್ತು.

ಟ್ರ್ಯಾಕ್ಟರಿನ ತಾಸಿನ ಮೀಟರು ಗಡಿಯಾರವಲ್ಲ. ನನ್ನದರಲ್ಲಿದ್ದಂಥ ಹಳೆಯ ಕೇಬಲ್ ಮೀಟರು ಎಂಜಿನ್ ಸುತ್ತುವಿಕೆಯನ್ನು ಎಣಿಸುತ್ತದೆ. ಕೆಲಸದ ವೇಗದಲ್ಲಿ ಎಂಜಿನ್ ಓಡಿದರೆ ಅದರ ತಾಸು ಗಡಿಯಾರದ ತಾಸಿಗೆ ಸಮ. ತಿರುಗಿಸುವಾಗ, ಮಾತಿಗೆ ನಿಂತಾಗ, ರೇಸ್ ಇಳಿಸಿದಾಗ ಅದು ನಿಧಾನ. ಅಪ್ಪ ಗಡಿಯಾರವನ್ನೇ ನಂಬಿದ್ದ, ಆದರೆ ಮೀಟರಿನ ಲೆಕ್ಕ ಹಿಡಿದಿದ್ದರೆ ಅವನಿಗೇ ಲಾಭವಾಗುತ್ತಿತ್ತು.

ಇನ್ನೊಂದು, ಹೊಲದ ಆಕಾರ. ಒಂದು ಎಕರೆಯ ಪಟ್ಟಿ 32 ಮೀಟರ್ ಅಗಲ, 126 ಮೀಟರ್ ಉದ್ದ ಇದೆ ಅನ್ನಿ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಒಂದು ಸಲಕ್ಕೆ ಎರಡು ಮೀಟರ್ ಹಿಡಿಯುತ್ತದೆ. ಉದ್ದಕ್ಕೆ ಹೊಡೆದರೆ 16 ಸುತ್ತು, ಅಡ್ಡ ಹೊಡೆದರೆ 63 ಸುತ್ತು. ಪ್ರತಿ ಸಲ ಎತ್ತಿ, ತಿರುಗಿಸಿ, ಇಳಿಸಲು ಹದಿನೆಂಟು ಇಪ್ಪತ್ತು ಸೆಕೆಂಡ್ ಬೇಕು. ಒಂದೇ ವೇಗದಲ್ಲಿ ಹೋದರೂ ಉದ್ದಕ್ಕೆ ಹೊಡೆದರೆ ಅರ್ಧ ತಾಸಿಗೆ ಒಂದು ನಿಮಿಷ ಕಡಿಮೆ, ಅಡ್ಡಕ್ಕೆ ಮುಕ್ಕಾಲು ತಾಸಿಗೆ ಎರಡು ನಿಮಿಷ ಕಡಿಮೆ. ಒಂದೇ ಹೊಲ, ಒಂದೇ ಟ್ರ್ಯಾಕ್ಟರ್, ಬಾಡಿಗೆ ಮಾತ್ರ ಒಂದೂವರೆ ಪಟ್ಟು. ನಮ್ಮ 20 ಗುಂಟೆಯ ಮೂಲೆ ತುಂಡಿಗೆ ಒಂದು ಎಕರೆಯಷ್ಟೇ ಹೊತ್ತು ಹಿಡಿಯುತ್ತಿದ್ದುದು ಇದೇ ಕಾರಣಕ್ಕೆ. ಒಡ್ಡು ಇಳಿಜಾರಿಗೆ ಅಡ್ಡವಾಗಿ ಹಾಕಿದ್ದರೆ ಒಡ್ಡಿನುದ್ದಕ್ಕೆ ಹೊಡೆಸುವುದರಿಂದ ನೀರೂ ನಿಲ್ಲುತ್ತದೆ.

ತಾಸಿನ ಲೆಕ್ಕದ ಬದಲು ಎಕರೆ ಲೆಕ್ಕದಲ್ಲಿ ಮಾತಾಡಿದರೆ ಈ ತೊಂದರೆ ಇಲ್ಲ ಅನ್ನಿಸಬಹುದು. ಎಕರೆ ಲೆಕ್ಕದಲ್ಲಿ ಡ್ರೈವರಿಗೆ ಬೇಗ ಮುಗಿಸುವ ಆಸೆ. ಒಂದು ಗೇರು ಏರಿಸುತ್ತಾನೆ, ನೇಗಿಲನ್ನು ಮೂರು ಬೆರಳು ಮೇಲೆತ್ತುತ್ತಾನೆ. ಮೇಲಿಂದ ಹೊಲ ಅಚ್ಚುಕಟ್ಟಾಗಿ ಕಾಣುತ್ತದೆ, ಒಳಗೆ ನೆಲ ಹಾಗೇ ಇರುತ್ತದೆ. ಇದನ್ನು ತಿಳಿಯಲು ಹತ್ತಿ ಕಟ್ಟಿಗೆಯ ಒಂದು ಕಡ್ಡಿ ಸಾಕು. ನಾಲ್ಕು ಕಡೆ ಚುಚ್ಚಿ ನೋಡಬೇಕು, ಸಾಲಿನ ಮೇಲಷ್ಟೇ ಅಲ್ಲ, ಎರಡು ಸಾಲಿನ ನಡುವೆಯೂ. ನಡುವೆ ಎರಡು ಬೆರಳಿಗೇ ಗಟ್ಟಿ ನೆಲ ಸಿಕ್ಕರೆ ಉಳುಮೆ ಆಗಿಲ್ಲ ಎಂದು ಅರ್ಥ. ಟ್ರ್ಯಾಕ್ಟರ್ ಹೊಲದಲ್ಲಿ ಇರುವಾಗಲೇ ಚುಚ್ಚಬೇಕು, ಹೋದ ಮೇಲೆ ಚುಚ್ಚಿ ಪ್ರಯೋಜನವಿಲ್ಲ.

ಇಷ್ಟೆಲ್ಲ ಕಲಿತರೂ ಕಂತು ಹುಟ್ಟಿಸುವುದು ಕಷ್ಟವಾಯಿತು. ಮಳೆಯಾಶ್ರಿತ ಊರಲ್ಲಿ ಟ್ರ್ಯಾಕ್ಟರಿಗೆ ಕೆಲಸ ಸಿಗುವುದು ಕೆಲವೇ ವಾರ. ಉಳಿದ ದಿನ ಇಟ್ಟಿಗೆ, ಜಲ್ಲಿ, ಕಬ್ಬು ಹೇರಿದೆ. ಡೀಸೆಲ್‌ಗೆ ನಗದು, ಬಾಡಿಗೆಗೆ ಉದ್ರಿ. "ಸುಗ್ಗಿಗೆ ಕೊಡ್ತೀನಿ ತಮ್ಮಾ" ಅನ್ನುವವರು ಸೋದರಮಾವ, ದೊಡ್ಡಪ್ಪನ ಮಗ, ಅಪ್ಪನ ಜೊತೆಗಾರರು. ಕೊಡುವುದಿಲ್ಲ ಎಂದು ಯಾರೂ ಹೇಳಲಿಲ್ಲ, ಸುಗ್ಗಿಯಲ್ಲಿ ಅವರಿಗೂ ಬೇರೆ ಸಾಲ ಕಾಯುತ್ತಿತ್ತು. ಐದು ವರ್ಷದ ಕೊನೆಗೆ ನನ್ನ ನೋಟ್‌ಬುಕ್‌ನಲ್ಲಿ 58 ಸಾವಿರ ವಸೂಲಾಗದೆ ಉಳಿಯಿತು. ಜೊತೆಗೆ ಊರಲ್ಲಿ ಟ್ರ್ಯಾಕ್ಟರ್ ಹೆಚ್ಚುತ್ತಾ ಹೋದವು. ನಾನು ಕೊಂಡಾಗ ನನ್ನದು ಏಳನೆಯದು, 2016ರ ಹೊತ್ತಿಗೆ 19 ಇದ್ದವು. ಹೊಲ ಮಾತ್ರ ಅಷ್ಟೇ ಇತ್ತು.

ನನಗೆ ಎಲ್ಲಕ್ಕಿಂತ ನೋವು ಕೊಟ್ಟದ್ದು 2013ರ ಮುಂಗಾರು. ಹದ ಬಂತು. ಮೂವರಿಂದ ಮುಂಗಡ ಹಣ ತಗೊಂಡು ಏಪ್ರಿಲ್ ಕಂತು ಕಟ್ಟಿದ್ದೆ. ಅವರ ಹೊಲಕ್ಕೇ ಮೊದಲು ಹೋಗಬೇಕಿತ್ತು, ಹೋದೆ. ಹಗಲು ಅವರದು, ರಾತ್ರಿ ಹನ್ನೊಂದರವರೆಗೆ ಇನ್ನೊಬ್ಬರದು. ನಾಲ್ಕನೆಯ ದಿನ ರಾತ್ರಿ ಒಂದು ಗಂಟೆಗೆ ನಮ್ಮ ಮಸಾರಿಗೆ ಹೊರಟೆ. ಲೈಟಿನ ಬೆಳಕಿನಲ್ಲಿ ಅಪ್ಪ ಒಡ್ಡಿನ ಮೇಲೆ ನಿಂತಿದ್ದ. ಮಣ್ಣು ಹಿಡಿದು ನೋಡಿ, "ಹದ ಹ್ವಾತಪಾ" ಅಂದ. ಮೂರು ವರ್ಷದ ಹಿಂದೆ ಬಾಡಿಗೆಯವನಿಗಾಗಿ ಕಾದು ಕಳೆದುಕೊಂಡ ಹದವನ್ನು ಈಗ ಸ್ವಂತ ಟ್ರ್ಯಾಕ್ಟರ್ ಇಟ್ಟುಕೊಂಡು ಕಳೆದುಕೊಂಡಿದ್ದೆವು. ಹದಕ್ಕಾಗಿ ಕೊಂಡಿದ್ದೆ, ಕಂತಿಗಾಗಿ ಆ ಹದವನ್ನೇ ಬೇರೆಯವರಿಗೆ ಬಿಟ್ಟುಕೊಟ್ಟಿದ್ದೆ. ಹತ್ತಿಪ್ಪತ್ತು ಎಕರೆ ಇದ್ದವನು ಮೊದಲು ತನ್ನದು ಮುಗಿಸಿ ಆಮೇಲೆ ಬಾಡಿಗೆಗೆ ಹೋಗಬಲ್ಲ, ಅವನ ಕಂತಿನ ದೊಡ್ಡ ಪಾಲು ಅವನ ಹೊಲದಲ್ಲೇ ಹುಟ್ಟುತ್ತದೆ. ನಾಲ್ಕು ಎಕರೆಯವನಿಗೆ ಆ ಅವಕಾಶವಿಲ್ಲ. ಬಾಡಿಗೆಗೆ ಬೇಡಿಕೆ ಇರುವ ದಿನವೂ ತನ್ನ ಹೊಲಕ್ಕೆ ಹದ ಇರುವ ದಿನವೂ ಒಂದೇ.

ಇನ್ನೊಂದು ತಪ್ಪನ್ನೂ ಹೇಳಬೇಕು. ರೋಟಾವೇಟರ್ ಮನೆಯಲ್ಲೇ ಇದೆ ಎಂದು ವರ್ಷಕ್ಕೆ ಮೂರು ಸಲ ಹೊಡೆದೆ. ಮಣ್ಣು ಹಿಟ್ಟಿನಂತಾಗುವುದು ನೋಡಲು ಚೆಂದ. ನಾಲ್ಕು ವರ್ಷದಲ್ಲಿ ಎರೆ ಹೊಲದಲ್ಲಿ ಐದಾರು ಬೆರಳಿನ ಕೆಳಗೆ ಗಟ್ಟಿ ಪದರ ಕಟ್ಟಿತು. ಜೋರು ಮಳೆಯಾದರೆ ನೀರು ಇಳಿಯದೆ ನಿಲ್ಲುತ್ತಿತ್ತು, ಜೋಳ ಹಳದಿಯಾಗುತ್ತಿತ್ತು. ಕಿತ್ತು ನೋಡಿದರೆ ಬೇರು ಕೆಳಗಿಳಿಯದೆ ಅಡ್ಡಕ್ಕೆ ತಿರುಗಿತ್ತು. ತಾಸಿಗೆ ಹಣ ಕೊಡುವಾಗ ಬೇಡದ ಉಳುಮೆಯನ್ನು ಯಾರೂ ಮಾಡಿಸುವುದಿಲ್ಲ.

2015ರಲ್ಲಿ ಬರ. ಬಿತ್ತಿದವರೇ ಕಡಿಮೆ, ಟ್ರ್ಯಾಕ್ಟರ್ ಕರೆಯುವವರು ಯಾರು? ಅಕ್ಟೋಬರ್ ಕಂತನ್ನು ಕೈಗಡ ತಂದು ಕಟ್ಟಿದೆ, 2016ರ ಏಪ್ರಿಲ್ ಕಂತಿಗೂ ಹಾಗೇ. ಮೇ ತಿಂಗಳಲ್ಲಿ ಮಾರಿದೆ. ಮೀಟರಿನಲ್ಲಿ 2,740 ತಾಸು. ಟ್ರೇಲರ್, ಸಲಕರಣೆ ಎಲ್ಲ ಸೇರಿ 3 ಲಕ್ಷ 60 ಸಾವಿರ ಬಂತು, ಅದರಲ್ಲಿ 2 ಲಕ್ಷ 5 ಸಾವಿರ ಬ್ಯಾಂಕಿನ ಬಾಕಿಗೆ ಹೋಯಿತು.

ಅವತ್ತು ರಾತ್ರಿ ಅಪ್ಪನೂ ನಾನೂ ಲೆಕ್ಕಕ್ಕೆ ಕೂತೆವು. ಮೊದಲು ಕೈಯಿಂದ ಹಾಕಿದ್ದು, ಹತ್ತು ಕಂತು, ವಿಮೆ, ಕೊನೆಯ ಬಾಕಿ ಸೇರಿ 10 ಲಕ್ಷ 50 ಸಾವಿರ. ಮಾರಿದ ಹಣ ಕಳೆದರೆ 6 ಲಕ್ಷ 90 ಸಾವಿರ. ಡೀಸೆಲ್, ಆಯಿಲ್, ರಿಪೇರಿ ಕಳೆದು ಐದು ವರ್ಷದಲ್ಲಿ ಬಾಡಿಗೆಯಿಂದ ಕೈಗೆ ಬಂದದ್ದು ನಾಲ್ಕೂವರೆ ಲಕ್ಷ. ನಮ್ಮ ಹೊಲಕ್ಕೆ ಬಾಡಿಗೆ ಕೊಡದೆ ಉಳಿದದ್ದು ಸುಮಾರು 60 ಸಾವಿರ. ನಷ್ಟ 1 ಲಕ್ಷ 80 ಸಾವಿರ. ಇದರಲ್ಲಿ ನನ್ನ 2,740 ತಾಸಿನ ಕೂಲಿ ಇಲ್ಲ, ಸೀಟಿನ ಮೇಲೆ ಕೂತು ಕೂತು ಬಂದ ಸೊಂಟನೋವೂ ಇಲ್ಲ. ಅಪ್ಪ ಬೈಯಲಿಲ್ಲ. "ಬಾಡಿಗಿ ತಪ್ಪಲ್ಲ, ನಾವು ಬಾಡಿಗಿ ಹಿಡಿಯೂ ರೀತಿ ತಪ್ಪಿತ್ತು" ಅಂದ.

ಆ ಮಾತಿನ ಮೇಲೆ ನಾವು ಮತ್ತೆ ಶುರು ಮಾಡಿದೆವು. ಮೊದಲು ಒಂದು ಜೋಡಿ ಎತ್ತು, ಬಾಜು ಹೊಲದ ಕಾಕಾನ ಜೊತೆ ಪಾಲಿನಲ್ಲಿ. ಹದದ ದಿನ ಮಾಡುವ ಕೆಲಸಕ್ಕೆ, ಅಂದರೆ ಒಂದು ಸಲ ಹರಗಿ ಕೂರಿಗೆ ಹೂಡಲು, ಟ್ರ್ಯಾಕ್ಟರ್ ಬೇಕಿಲ್ಲ. ನಾಲ್ಕು ಎಕರೆಯನ್ನು ಎತ್ತು ಎರಡು ದಿನದಲ್ಲಿ ಮುಗಿಸುತ್ತವೆ. ಟ್ರ್ಯಾಕ್ಟರ್ ಬೇಕಾಗಿರುವುದು ಭಾರದ ಕೆಲಸಕ್ಕೆ: ಕರಕಿ ಕಿತ್ತು ಪಲ್ಟಿ ಹೊಡೆಯಲು, ಗೊಬ್ಬರ ಹೇರಲು. ಅದನ್ನು ಮುಂಗಾರಿಗೆ ಕಾಯದೆ, ಬೆಳೆ ತೆಗೆದ ಮೇಲೆ ಜನವರಿ ಫೆಬ್ರವರಿಯಲ್ಲಿ ಮಾಡಿಸುತ್ತೇವೆ. ಆಗ ಟ್ರ್ಯಾಕ್ಟರುಗಳು ಖಾಲಿ ನಿಂತಿರುತ್ತವೆ, ಕರೆದ ದಿನ ಬರುತ್ತಾರೆ, ದರದಲ್ಲೂ ಮಾತಿಗೆ ಜಾಗವಿರುತ್ತದೆ. ಮೇಲೆದ್ದ ಹೆಂಟೆ ಬಿಸಿಲಿಗೆ ಕಾದು, ಮುಂಗಾರಿನ ಮೊದಲ ಹನಿಗೆ ತಾನೇ ಒಡೆಯುತ್ತದೆ. ಪಲ್ಟಿ ನೇಗಿಲನ್ನು ಎರಡು ವರ್ಷ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರದಿಂದಲೂ ತಂದಿದ್ದೇವೆ. 2014ರ ನಂತರ ಬಂದ ಈ ಕೇಂದ್ರಗಳಲ್ಲೂ ಬಿತ್ತಿಗೆಯ ವಾರ ಸರದಿ ಇರುತ್ತದೆ, ಬೇಸಿಗೆಯಲ್ಲಿ ಇರುವುದಿಲ್ಲ.

ಆಮೇಲೆ ಕಾಕಾನದು, ಅವರ ಬೀಗರದು, ನಮ್ಮದು ಸೇರಿ 13 ಎಕರೆಯನ್ನು ಒಟ್ಟಿಗೇ ಒಬ್ಬನಿಗೆ ಹೇಳುತ್ತೇವೆ. ಅಕ್ಕಪಕ್ಕದ ತುಂಡುಗಳನ್ನು ಒಂದರ ಹಿಂದೆ ಒಂದು ಹೊಡೆಸುವುದರಿಂದ ಟ್ರ್ಯಾಕ್ಟರ್ ಸುಮ್ಮನೆ ಓಡಾಡುವ ಹೊತ್ತು ಉಳಿಯುತ್ತದೆ. ಲೆಕ್ಕ ಮೀಟರಿನ ತಾಸಿನದು, ಶುರುವಿನಲ್ಲೂ ಕೊನೆಯಲ್ಲೂ ಇಬ್ಬರೂ ನೋಡಿ ಬರೆಯುತ್ತೇವೆ. ಹಣ ಅವತ್ತೇ ಸಂಜೆ, ನಗದು. ಉದ್ರಿಯ ನೋವು ಏನೆಂದು ಗೊತ್ತಿರುವ ನಾನು ಇದರಲ್ಲಿ ಒಂದು ದಿನವೂ ತಪ್ಪಿಲ್ಲ. 13 ಎಕರೆ ಒಟ್ಟಿಗೆ, ಹಣ ಕೈಯಲ್ಲಿ ಎಂದಾಗ, ಮುಂಗಾರಿನಲ್ಲಿ ಟ್ರ್ಯಾಕ್ಟರ್ ಬೇಕಾದ ವರ್ಷ ಆ ತುರ್ತಿನಲ್ಲೂ ಅವನು ಮೊದಲು ನಮ್ಮ ಕಡೆಗೇ ಬರುತ್ತಾನೆ. ಈ ಎಂಟೊಂಬತ್ತು ವರ್ಷದಲ್ಲಿ ಟ್ರ್ಯಾಕ್ಟರಿಗೆ ಕಾದು ಹದ ತಪ್ಪಿದ್ದು ಒಂದೇ ಸಲ, ಅವನ ಹೈಡ್ರಾಲಿಕ್ ಕೆಟ್ಟಾಗ.

ಹೋದ ತಿಂಗಳು ಅಕ್ಕನ ಮಗ ಬಂದಿದ್ದ. ಅವನದು ಐದು ಎಕರೆ, ಕೊಳವೆಬಾವಿ ಇದೆ. "ಮಾಮಾ, ಟ್ರ್ಯಾಕ್ಟರ್ ತಗೋಬೇಕಂತ ಮಾಡೀನಿ" ಅಂದ. ನಾನು ಬೇಡ ಅನ್ನಲಿಲ್ಲ. ಇಬ್ಬರೂ ಕೂತು ಇವತ್ತಿನ ಲೆಕ್ಕ ಹಾಕಿದೆವು. ಒಂಬತ್ತು ಲಕ್ಷ ಸಾಲ ಮಾಡಿದರೆ ಕಂತು ವಿಮೆ ಸೇರಿ ವರ್ಷಕ್ಕೆ ಎರಡು ಲಕ್ಷ. ತಾಸಿಗೆ 900 ಬಾಡಿಗೆ, ಡೀಸೆಲ್ ಸವೆತ ಕಳೆದು 440 ಉಳಿದರೆ ಸುಮಾರು 455 ತಾಸಿನ ಹೊರಗೆಲಸ ಬೇಕು. ನಾನು ಕೊಂಡ ಕಾಲಕ್ಕಿಂತ ಇದು ವಾಸಿ. ಅವನ ಸ್ವಂತ ಕೆಲಸ ಎರಡು ಬೆಳೆಗೆ 60 ತಾಸು. ಆ ಹೊರಗೆಲಸವನ್ನು ನಗದು ಕೊಟ್ಟು ಮಾಡಿಸುವವರು ಅವನ ಊರಲ್ಲಿ ಎಷ್ಟು ಮಂದಿ ಇದ್ದಾರೆ, ಆ ಊರಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರ್ ಇವೆ ಎಂದು ಎಣಿಸಿಕೊಂಡು ಬಾ ಎಂದು ಕಳಿಸಿದೆ. ಒಂದು ಹೊಸ ನೋಟ್‌ಬುಕ್ಕನ್ನೂ ಕೊಟ್ಟೆ.

ನಾಲ್ಕೈದು ಎಕರೆ ಇಟ್ಟುಕೊಂಡು ಟ್ರ್ಯಾಕ್ಟರಿನ ಅಂಗಡಿಗೆ ಹೊರಟಿರುವ ಎಲ್ಲರಿಗೂ ನಾನು ಕೇಳಿಕೊಳ್ಳುವುದು ಇಷ್ಟೇ. ಒಂದು ವರ್ಷ ನಿಮ್ಮ ಹೊಲದಲ್ಲಿ ಟ್ರ್ಯಾಕ್ಟರ್ ಓಡಿದ ಪ್ರತಿ ತಾಸನ್ನೂ ತಾರೀಖಿನ ಸಮೇತ ಬರೆದಿಡಿ. ಹದ ತಪ್ಪಿದ ದಿನವನ್ನೂ ಬರೆಯಿರಿ. ನನ್ನ ನೋಟ್‌ಬುಕ್‌ನಲ್ಲಿ ಹೋದ ವರ್ಷದ್ದು 27 ತಾಸು, 27 ಸಾವಿರದ 500 ರೂಪಾಯಿ, ಹದ ತಪ್ಪಿದ ದಿನ ಒಂದೂ ಇಲ್ಲ.